ಐದನೆಯ ವಿವಾಹ ವಾರ್ಷಿಕೋತ್ಸವದ ಚಿತ್ರಕ್ಕೆ ಯಾವ ಕ್ಯಾಪ್ಶನ್? ಕೆಲವು ಬಗೆಗಳ ಹೋಲಿಕೆ

2025ರ ಜೂನ್‌ನಲ್ಲಿ ನಮ್ಮ ಮದುವೆಗೆ ಐದು ವರ್ಷ ತುಂಬಿತು. ಇನ್‌ಸ್ಟಾಗ್ರಾಂಗೆ ಹಾಕಲು ಚಿತ್ರವೊಂದು ಆಗಲೇ ಸಿದ್ಧವಾಗಿತ್ತು, ಆದರೆ ಅದರ ಕೆಳಗೆ ಬರೆಯಬೇಕಾದ ಎರಡು ಸಾಲು ಮಾತ್ರ ಮೂರು ದಿನ ಸತಾಯಿಸಿತು. ಬರೆದದ್ದೆಲ್ಲ ಒಂದೋ ಶುಭಾಶಯ ಪತ್ರದ ಮಾತಿನಂತೆ ಕೇಳಿಸುತ್ತಿತ್ತು, ಇಲ್ಲವೇ ನಮ್ಮಿಬ್ಬರ ಮಟ್ಟಿಗೆ ನಿಜವಾಗಿರಲಿಲ್ಲ. ಆ ಮೂರು ದಿನಗಳಲ್ಲಿ ಬರೆದು ಅಳಿಸಿದ ಬಗೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಯಾವುದು ಎಲ್ಲಿ ಸುಳ್ಳಾಗುತ್ತದೆ, ಯಾವುದು ಯಾರಿಗೆ ಹೊಂದುತ್ತದೆ ಎಂಬುದು ಸ್ವಲ್ಪ ತಿಳಿಯಿತು. ಇಲ್ಲಿ ಅದನ್ನೇ ಬರೆದಿದ್ದೇನೆ.

ಹೋಲಿಕೆಗೆ ಆಧಾರ ಬೇಕಾದ್ದರಿಂದ ಮೊದಲು ಸಂಗತಿಗಳನ್ನು ಹೇಳಿಬಿಡುತ್ತೇನೆ. ನಮ್ಮ ಮದುವೆ 2020ರ ಜೂನ್‌ನಲ್ಲಿ ನಡೆಯಿತು. ಮದುವೆಗೆ ಐವತ್ತು ಜನರ ಮಿತಿ ಇದ್ದ ಕಾಲವದು. ಚೌಟ್ರಿಯ ಮುಂಗಡವನ್ನು ಬಿಟ್ಟು, ನಮ್ಮ ಮನೆಯ ಅಂಗಳದಲ್ಲೇ ಚಪ್ಪರ ಹಾಕಿ, ನಲವತ್ತಮೂರು ಜನರ ಎದುರು ಮದುವೆಯಾದೆವು. 2021ರ ಸೆಪ್ಟೆಂಬರ್‌ನಲ್ಲಿ ಇವರಿಗೆ ದಾವಣಗೆರೆಗೆ ವರ್ಗವಾಯಿತು, ನನ್ನ ಕೆಲಸ ಹಾಸನದಲ್ಲೇ ಉಳಿಯಿತು. ಮುಂದಿನ ಇಪ್ಪತ್ತೆರಡು ತಿಂಗಳು ಇವರು ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುತ್ತಿದ್ದರು. ಅಷ್ಟು ಬಿಡುವೂ ಸಿಗದ ಭಾನುವಾರಗಳಲ್ಲಿ ನಾನು ಡಬ್ಬಿ ಕಟ್ಟಿಕೊಂಡು ಹಾಸನದಿಂದ ಅರಸೀಕೆರೆಗೆ ಹೋಗುತ್ತಿದ್ದೆ, ಇವರು ಅತ್ತ ಕಡೆಯಿಂದ ಅಲ್ಲಿಗೇ ಬರುತ್ತಿದ್ದರು. ನಿಲ್ದಾಣದಲ್ಲೇ ಕೂತು ಊಟ ಮಾಡಿ, ಅವರವರ ರೈಲು ಹತ್ತಿ ವಾಪಸಾಗುತ್ತಿದ್ದೆವು. ಚಿತ್ರ ತೆಗೆದದ್ದು 2025ರ ಮೇ ತಿಂಗಳಲ್ಲಿ, ದಾವಣಗೆರೆಯಲ್ಲಿ ಬಂಧುಗಳ ಮದುವೆ ಮುಗಿಸಿಕೊಂಡು ಬರುತ್ತಾ ಅದೇ ಅರಸೀಕೆರೆಯಲ್ಲಿ ಹಾಸನದ ರೈಲಿಗೆ ಕಾಯುತ್ತಿದ್ದಾಗ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಕ್ಲಿಕ್ಕಿಸಿಕೊಟ್ಟಳು. ಇವರು ಕತ್ತು ಚಾಚಿ ಹಳಿಯ ಕಡೆ ನೋಡುತ್ತಿದ್ದಾರೆ, ನಾನು ಚೀಲದೊಳಗೆ ಕೈಹಾಕಿ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೇನೆ. ಕ್ಯಾಮೆರಾವನ್ನು ಇಬ್ಬರೂ ನೋಡುತ್ತಿಲ್ಲ.

ಎರವಲು ತಂದ ಸಾಲುಗಳು

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಎರವಲು ಸಾಲು. ಚಿತ್ರಗೀತೆಯ ಒಂದು ಚರಣ, ಭಾವಗೀತೆಯ ಒಂದು ತುಣುಕು, ಇಲ್ಲವೇ ಮಂತ್ರದ ಒಂದು ಪದ. ಇವುಗಳಲ್ಲಿ ದೋಷವೇ ಇದೆ ಎನ್ನಲಾರೆ. ಆ ಹಾಡು ನಿಮ್ಮಿಬ್ಬರ ನಡುವೆ ನಿಜವಾಗಿ ಏನಾದರೂ ಮಾಡಿದ್ದರೆ, ಉದಾಹರಣೆಗೆ ನಿಶ್ಚಿತಾರ್ಥದ ದಿನ ಅದನ್ನು ಯಾರೋ ತಪ್ಪುತಪ್ಪಾಗಿ ಹಾಡಿದ್ದರೆ, ಆ ಸಂಗತಿಯನ್ನು ಸೇರಿಸಿ ಬರೆದಾಗ ಎರವಲು ಸಾಲೂ ನಿಮ್ಮದೇ ಆಗುತ್ತದೆ. ಬರೀ ಸಾಲನ್ನು ಇಟ್ಟರೆ ಅದು ಯಾರ ಚಿತ್ರದ ಕೆಳಗೂ ಹೊಂದುತ್ತದೆ.

ಮಂತ್ರದ ಪದಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘ನಾತಿಚರಾಮಿ’ ಎಂಬ ಪದ ವಾರ್ಷಿಕೋತ್ಸವದ ಚಿತ್ರಗಳ ಕೆಳಗೆ ಬಹಳ ಕಾಣಸಿಗುತ್ತದೆ. ವೈದಿಕ ಕ್ರಮದ ಮದುವೆಯಲ್ಲಿ ಕನ್ಯಾದಾನದ ಹೊತ್ತಿಗೆ ವಧುವಿನ ತಂದೆ ‘ನಾತಿಚರಿತವ್ಯಾ’ ಎಂದು ಹೇಳಿದಾಗ ವರ ಕೊಡುವ ಉತ್ತರವದು, ‘ಮೀರಿ ನಡೆಯುವುದಿಲ್ಲ’ ಎಂದು ಅದರ ಅರ್ಥ. ಅಂದರೆ ಅದು ವರನ ಬಾಯಿಯಿಂದ ಬರಬೇಕಾದ ಮಾತು. ಹೆಂಡತಿ ತನ್ನ ಖಾತೆಯಲ್ಲಿ ಹಾಕಿಕೊಂಡರೆ ಮಾತನಾಡುತ್ತಿರುವವರು ಯಾರು ಎಂಬುದೇ ಗೊಂದಲವಾಗುತ್ತದೆ. ಜೊತೆಗೆ ಅದು ಪ್ರತಿಜ್ಞೆ, ಮದುವೆಯ ದಿನ ಮುಂದಿನದನ್ನು ಕುರಿತು ಆಡಿದ್ದು. ಐದು ವರ್ಷದ ಬಳಿಕ ಹೇಳಬೇಕಾದದ್ದು ಆ ಪ್ರತಿಜ್ಞೆಗೆ ಏನಾಯಿತು ಎಂಬುದನ್ನು, ಪ್ರತಿಜ್ಞೆಯನ್ನು ಮತ್ತೆ ಓದುವುದರಿಂದ ಅದು ತಿಳಿಯುವುದಿಲ್ಲ. ನಮ್ಮ ಮದುವೆಯಲ್ಲಂತೂ ಪುರೋಹಿತರು ಮಾಸ್ಕಿನ ಒಳಗಿಂದ ಹೇಳಿದ್ದು ಇವರಿಗೆ ಸರಿಯಾಗಿ ಕೇಳಿಸದೆ ಎರಡು ಸಲ ಹೇಳಿಸಿದ್ದರು. ಹಾಕುವುದಾದರೆ ಅದನ್ನು ಹಾಕಬಹುದಿತ್ತು, ಆದರೆ ರೈಲ್ವೆ ನಿಲ್ದಾಣದ ಚಿತ್ರಕ್ಕೆ ಅದು ಸೇರುವುದಿಲ್ಲ.

ಐದನೆಯ ವರ್ಷವನ್ನು ‘ಮರದ ವಾರ್ಷಿಕೋತ್ಸವ’ ಎನ್ನುವ ಪಾಶ್ಚಾತ್ಯ ರೂಢಿಯೂ ಈಗ ನಮ್ಮ ಕಡೆ ಬಂದಿದೆ. ಒಬ್ಬರು ಇನ್ನೊಬ್ಬರಿಗೆ ಮರದ ವಸ್ತುವೊಂದನ್ನು ನಿಜವಾಗಿ ಕೊಟ್ಟಿದ್ದರೆ ಆ ಮಾತಿಗೆ ಜಾಗವಿದೆ. ಇಲ್ಲದಿದ್ದರೆ ‘ನಮ್ಮ ಪ್ರೀತಿ ಹೆಮ್ಮರವಾಗಿ’ ಎಂಬಲ್ಲಿಗೆ ಹೋಗಿ ಮುಗಿಯುತ್ತದೆ.

ಸಂಗಾತಿಯನ್ನೇ ಮಾತನಾಡಿಸುವ ಬಗೆ

ನನ್ನ ಮೊದಲ ಪ್ರಯತ್ನ ಹೀಗಿತ್ತು:

‘ಕಷ್ಟಸುಖದಲ್ಲಿ ಸದಾ ನನ್ನ ಜೊತೆಗಿದ್ದೆ. ಐದು ವರ್ಷ ಐದು ದಿನದ ಹಾಗೆ ಕಳೆಯಿತು. ನೀನಿಲ್ಲದೆ ನಾನಿಲ್ಲ.’

ಇದನ್ನು ಇವರಿಗೆ ಓದಿ ಹೇಳಿದೆ. ಇವರು ಕೇಳಿದ್ದು ಒಂದೇ ಮಾತು: ‘ಯಾವಾಗ?’ ಸದಾ ಜೊತೆಗಿದ್ದದ್ದು ಯಾವಾಗ? ಇಪ್ಪತ್ತೆರಡು ತಿಂಗಳು ದಾವಣಗೆರೆಯಲ್ಲಿ ಬಾಡಿಗೆ ರೂಮಿನಲ್ಲಿದ್ದವರು ಇವರು. ಐದು ದಿನದ ಹಾಗೆ ಕಳೆದದ್ದು ಯಾವಾಗ? ಆ ಭಾನುವಾರ ಸಂಜೆಗಳು ಒಂದೊಂದೂ ಎರಡು ದಿನದಷ್ಟು ಉದ್ದವಿದ್ದವು. ನೀನಿಲ್ಲದೆ ನಾನಿಲ್ಲ ಎಂಬುದಕ್ಕೂ ಅದೇ ಗತಿ. ನಾನು ಇದ್ದೆ, ಕೆಲಸಕ್ಕೆ ಹೋಗುತ್ತಿದ್ದೆ, ಗ್ಯಾಸ್ ಸಿಲಿಂಡರ್ ಬದಲಾಯಿಸುವುದನ್ನು ಕಲಿತೆ.

ಆಮೇಲೆ ಬರೆದ ಪ್ರತಿಯೊಂದು ಸಾಲಿಗೂ ಈ ‘ಯಾವಾಗ?’ ಎಂಬ ಪ್ರಶ್ನೆಯನ್ನೇ ಹಾಕಿದೆ. ಸವೆದ ಮಾತುಗಳು ಸಾಮಾನ್ಯವಾಗಿ ಕೂತಿರುವುದು ‘ಸದಾ’, ‘ಎಂದೆಂದಿಗೂ’, ‘ಪ್ರತಿ ಕ್ಷಣ’, ‘ಎಲ್ಲವೂ’ ಎಂಬಂಥ ಪದಗಳಲ್ಲಿ ಅಥವಾ ‘ನನ್ನ ಉಸಿರು’, ‘ಬಾಳಿನ ಬೆಳಕು’, ‘ಏಳೇಳು ಜನ್ಮದ ನಂಟು’ ಎಂಬಂಥ ಪದಗುಚ್ಛಗಳಲ್ಲಿ. ಈ ಎರಡಕ್ಕೂ ದಿನಾಂಕ ಹೇಳಲು ಬರುವುದಿಲ್ಲ. ದಿನಾಂಕ ಹೇಳಬಹುದಾದ ಮಾತು ಉಳಿಯುತ್ತದೆ, ಉಳಿದದ್ದು ಹೋಗುತ್ತದೆ. ಒಂದೇ ಸಲ ನಡೆದ ಸಂಗತಿಯಾದರೂ ಪರವಾಗಿಲ್ಲ.

ಈ ಬಗೆಯಲ್ಲಿ ಕನ್ನಡಕ್ಕೇ ವಿಶೇಷವಾದ ಇನ್ನೊಂದು ಕಷ್ಟವಿದೆ. ಕ್ರಿಯಾಪದದ ಕೊನೆಯಲ್ಲೇ ನಮ್ಮ ಸಲಿಗೆಯೂ ಗೌರವವೂ ಕಾಣಿಸಿಬಿಡುತ್ತವೆ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ನಾನು ಇವರನ್ನು ‘ನೀನು’ ಎನ್ನುತ್ತೇನೆ, ಅತ್ತೆಯ ಎದುರು ‘ಇವರು’ ಎನ್ನುತ್ತೇನೆ. ಕ್ಯಾಪ್ಶನ್ ಓದುವವರಲ್ಲಿ ಅತ್ತೆಯೂ ಇದ್ದಾರೆ, ಆಫೀಸಿನವರೂ ಇದ್ದಾರೆ. ‘ಜೊತೆಗಿದ್ದೆ’ ಎಂದು ಬರೆದರೆ ಅತ್ತೆಯ ಹುಬ್ಬು ಏರುತ್ತದೆ, ‘ಜೊತೆಗಿದ್ದಿರಿ’ ಎಂದು ಬರೆದರೆ ಇವರಿಗೇ ನಗು ಬರುತ್ತದೆ. ಮನೆಯಲ್ಲಿ ‘ರೀ’ ಎಂದಷ್ಟೇ ಕರೆಯುವವರು ಚಿತ್ರದ ಕೆಳಗೆ ‘ಬಂಗಾರ’ ಎಂದು ಬರೆದಾಗಲೂ ಇಂಥದ್ದೇ ಆಗುತ್ತದೆ, ಗೊತ್ತಿರುವವರಿಗೆ ಆ ದನಿ ಬೇರೆಯವರದೆಂದು ತಕ್ಷಣ ತಿಳಿಯುತ್ತದೆ. ಎಲ್ಲರ ಮುಂದೂ ಒಂದೇ ರೀತಿ ಕರೆದುಕೊಳ್ಳುವ ದಂಪತಿಗೆ ಈ ತೊಂದರೆ ಇಲ್ಲ, ಅವರು ನೇರವಾಗಿ ಸಂಬೋಧಿಸಿಯೇ ಬರೆಯಬಹುದು. ನಮ್ಮಂಥವರಿಗೆ ‘ನಾವು’ ಎಂಬುದು ವಾಸಿ. ‘ಬಂದೆವು’, ‘ಕಾದೆವು’ ಎನ್ನುವಾಗ ಯಾರಿಗೂ ಹೆಚ್ಚು ಕಡಿಮೆ ಆಗುವುದಿಲ್ಲ, ಜೊತೆಗೆ ಹೆಂಡತಿ ಗಂಡನನ್ನು ಹೊಗಳುವ ಅಥವಾ ಗಂಡ ಹೆಂಡತಿಯನ್ನು ಹೊಗಳುವ ಭಂಗಿಯೂ ತಪ್ಪುತ್ತದೆ.

ಲೆಕ್ಕ ಮತ್ತು ತಮಾಷೆ

ಅತಿಭಾವುಕತೆಯಿಂದ ತಪ್ಪಿಸಿಕೊಳ್ಳಲು ಬಹಳ ಜನ ಹಿಡಿಯುವ ದಾರಿ ಲೆಕ್ಕದ್ದು. ‘1826 ದಿನಗಳು’ ಎಂದು ಬರೆಯುವುದು ನಮ್ಮ ಮಟ್ಟಿಗೆ ಖಚಿತವಾಗಿ ನಿಜ. ಐದು ವರ್ಷಕ್ಕೆ 1825 ದಿನ, ನಡುವೆ 2024ರ ಫೆಬ್ರವರಿ 29 ಬಂದಿದ್ದರಿಂದ ಇನ್ನೊಂದು. ಆದರೆ ಆ ವರ್ಷ ನಮ್ಮ ದಿನವೇ ಮದುವೆಯಾದ ಪ್ರತಿಯೊಬ್ಬರಿಗೂ ಅದೇ ಸಂಖ್ಯೆ. ಅದು ಕ್ಯಾಲೆಂಡರಿನ ಲೆಕ್ಕ, ನಮ್ಮ ಲೆಕ್ಕವಲ್ಲ.

‘ಐದು ವರ್ಷ, ಎರಡು ಬಾಡಿಗೆ ಮನೆ, ಒಂದು ಕುಕ್ಕರ್’ ಎಂಬುದು ಇದಕ್ಕಿಂತ ಮೇಲು. ಆ ಕುಕ್ಕರ್ ನನ್ನ ಜೊತೆ ಹಾಸನದಲ್ಲಿತ್ತು, ಇವರು ದಾವಣಗೆರೆಯಲ್ಲಿ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಇಳಿಯುವ ಸಂಖ್ಯೆಗಳ ಈ ಅಚ್ಚು ಕೂಡ ಈಗ ಸಾಕಷ್ಟು ಸವೆದಿದೆ ಎಂಬುದನ್ನು ಒಪ್ಪಬೇಕು. ಆದರೂ ಎಣಿಸಿದ ವಸ್ತು ನಿಮ್ಮ ಮನೆಯದೇ ಆಗಿದ್ದರೆ, ಸಂಖ್ಯೆಯನ್ನು ಪ್ರಾಸಕ್ಕಾಗಿ ತಿದ್ದದಿದ್ದರೆ, ಈ ಬಗೆ ಮೋಸ ಮಾಡುವುದಿಲ್ಲ. ಚಿತ್ರ ಸ್ಟುಡಿಯೋದಲ್ಲಿ ತೆಗೆಸಿದ್ದು, ಅದರಲ್ಲಿ ಹೇಳಲು ಬೇರೇನೂ ಇಲ್ಲ ಎಂದಾದರೆ ನಾನು ಇದನ್ನೇ ಆರಿಸುತ್ತಿದ್ದೆ.

ತಮಾಷೆಯ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ‘ಜೀವಾವಧಿ ಶಿಕ್ಷೆಯಲ್ಲಿ ಐದು ವರ್ಷ ಮುಗಿಯಿತು’, ‘ಇಷ್ಟು ವರ್ಷ ಸಹಿಸಿಕೊಂಡಿದ್ದಕ್ಕೆ ಧನ್ಯವಾದ’ ಎಂಬ ಮಾತುಗಳನ್ನು ಅತಿಭಾವುಕತೆಗೆ ವಿರುದ್ಧವೆಂದು ಜನ ಹಾಕುತ್ತಾರೆ. ಅವೂ ಸಿದ್ಧ ಮಾತುಗಳೇ. ಒಂದು ಸಿಹಿ ಸುಳ್ಳು ಹೇಳಿದರೆ ಇನ್ನೊಂದು ಹುಳಿ ಸುಳ್ಳು ಹೇಳುತ್ತದೆ.

ನಿಜವನ್ನೇ ಹೇಳುತ್ತೇನೆಂದು ಹೊರಟವರು ಎಡವುವ ಜಾಗವೂ ಇಲ್ಲೇ ಇದೆ. 2023ರಲ್ಲಿ ಇವರು ಹಾಸನಕ್ಕೆ ಮರಳಿದ ಹೊಸದರಲ್ಲಿ ನಾವಿಬ್ಬರೂ ಮೂರು ದಿನ ಮಾತು ಬಿಟ್ಟಿದ್ದೆವು. ಒಬ್ಬಳೇ ಇದ್ದು ರೂಢಿಯಾಗಿದ್ದ ಮನೆಯಲ್ಲಿ ನೀರಿನ ಫಿಲ್ಟರ್ ಎಲ್ಲಿರಬೇಕು ಎಂಬಲ್ಲಿಂದ ಶುರುವಾಗಿ ಎಲ್ಲೆಲ್ಲಿಗೋ ಹೋದ ಜಗಳವದು. ಅದನ್ನು ಸೇರಿಸಿ ಒಂದು ಕ್ಯಾಪ್ಶನ್ ಬರೆದೆ, ಚೆನ್ನಾಗಿಯೇ ಇತ್ತು, ‘ಯಾವಾಗ?’ ಎಂದರೆ ತಾರೀಖು ಸಹಿತ ಹೇಳಬಹುದಿತ್ತು. ಇವರು ಓದಿ, ‘ಇದು ಬೇಡ’ ಎಂದರು. ಅಲ್ಲಿಗೆ ಅದು ಹೋಯಿತು. ಸುಳ್ಳು ಹೇಳದಿರುವುದು ಬೇರೆ, ಇದ್ದದ್ದನ್ನೆಲ್ಲ ಹೇಳುವುದು ಬೇರೆ. ಚಿತ್ರದಲ್ಲಿ ಇಬ್ಬರಿದ್ದಾರೆ ಎಂದ ಮೇಲೆ ಇಬ್ಬರೂ ಒಪ್ಪಿದ ನಿಜವೇ ಅದರ ಕೆಳಗೆ ಹೋಗಬೇಕು. (ಈ ಜಗಳವನ್ನು ಇಲ್ಲಿ ಬರೆಯಲು ಕೇಳಿಯೇ ಬರೆದಿದ್ದೇನೆ.)

ಕೃತಜ್ಞತೆ

ಧನ್ಯವಾದ ಹೇಳುವ ಕ್ಯಾಪ್ಶನ್ ಒಂದೇ ಒಂದು ಸಂಗತಿಗೆ ಹೇಳಿದಾಗ ಗಟ್ಟಿಯಾಗಿರುತ್ತದೆ. ‘ಎಲ್ಲದಕ್ಕೂ ಧನ್ಯವಾದ’ ಎನ್ನುವುದು ಯಾವುದಕ್ಕೂ ಹೇಳಿದಂತಾಗುವುದಿಲ್ಲ. ‘ನನ್ನ ಇಲಾಖಾ ಪರೀಕ್ಷೆಯ ಹಿಂದಿನ ರಾತ್ರಿ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಮಳೆಯಲ್ಲಿ ಮೂರು ಅಂಗಡಿ ಸುತ್ತಿದರು’ ಎಂದರೆ ಧನ್ಯವಾದ ಎಂಬ ಪದವೇ ಬೇಕಿಲ್ಲ. ಈ ಬಗೆ ಒಬ್ಬರು ಇನ್ನೊಬ್ಬರ ಬಗ್ಗೆ ಬರೆಯುವಾಗ ಹೊಂದುತ್ತದೆ, ಚಿತ್ರದಲ್ಲಿ ಒಬ್ಬರ ಮುಖವೇ ಎದ್ದು ಕಾಣುತ್ತಿದ್ದರೆ ಇನ್ನೂ ಹೊಂದುತ್ತದೆ. ಇಬ್ಬರೂ ಸಮನಾಗಿ ಕಾಣುವ ಜೋಡಿ ಚಿತ್ರದಲ್ಲಿ ಮಾತ್ರ ಲೆಕ್ಕ ಒಂದು ಕಡೆಗೆ ವಾಲಿದಂತೆ ತೋರುತ್ತದೆ.

ಕಂಡದ್ದನ್ನು ಹೇಳುವ ಬಗೆ

ನಾನು ಕೊನೆಗೆ ನಿಂತದ್ದು ಇಲ್ಲಿ. ಸುದ್ದಿಚಿತ್ರಗಳಿಗೆ ಅಡಿಬರಹ ಬರೆಯುವವರ ಕ್ರಮ ಬಹಳ ಸರಳ. ಮೊದಲ ವಾಕ್ಯದಲ್ಲಿ ಚಿತ್ರದಲ್ಲಿ ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ ಎಂದು ಹೇಳುತ್ತಾರೆ. ಚಿತ್ರದಿಂದ ತಿಳಿಯದ, ಆದರೆ ಚಿತ್ರವನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಹಿನ್ನೆಲೆಯನ್ನು ಎರಡನೆಯದರಲ್ಲಿ ಕೊಡುತ್ತಾರೆ. ಭಾವನೆಯನ್ನು ಓದುಗರಿಗೆ ಬಿಡುತ್ತಾರೆ. ದಂಪತಿಯ ಚಿತ್ರಕ್ಕೂ ಇದು ಚೆನ್ನಾಗಿ ನಡೆಯುತ್ತದೆ. ಮೊದಲು ನಮ್ಮ ಪತ್ರಿಕೆಗಳ ಧಾಟಿಯನ್ನೇ ಅನುಕರಿಸಿ ಹೀಗೆ ಬರೆದೆ:

‘ಎಡದಿಂದ: ರೈಲು ಬಂತೇ ಎಂದು ನೋಡುತ್ತಿರುವವರು, ಡಬ್ಬಿಯ ಮುಚ್ಚಳ ಹುಡುಕುತ್ತಿರುವವರು. ಮದುವೆಯಾಗಿ ಐದು ವರ್ಷ.’

ಇದು ನನಗೆ ಇಷ್ಟವಾಯಿತು, ಈಗಲೂ ಇಷ್ಟವೇ. ಪೂರ್ತಿ ನಿಜ, ನಗುವೂ ಬರುತ್ತದೆ, ಯಾರನ್ನೂ ಹೀಗಳೆಯುವುದಿಲ್ಲ. ಬೇಗ ಮುಗಿಸಬೇಕು ಎನ್ನುವವರು ಈ ಅಚ್ಚನ್ನು ಧಾರಾಳವಾಗಿ ಬಳಸಬಹುದು. ಇದರಲ್ಲಿ ಇಲ್ಲದಿದ್ದದ್ದು ಎರಡನೆಯ ವಾಕ್ಯ, ಅಂದರೆ ಅರಸೀಕೆರೆ ನಮಗೆ ಏನಾಗಿತ್ತು ಎಂಬ ಸಂಗತಿ. ಅದು ಗೊತ್ತಿಲ್ಲದವರಿಗೆ ಇದು ಯಾವುದೋ ಒಂದು ರೈಲ್ವೆ ನಿಲ್ದಾಣ. ಹಾಗಾಗಿ ಮತ್ತೆ ಬರೆದೆ:

‘ಅರಸೀಕೆರೆ ಜಂಕ್ಷನ್. ಇಪ್ಪತ್ತೆರಡು ತಿಂಗಳು ನಮ್ಮ ಮನೆ ಇದೇ ಆಗಿತ್ತು. ಪ್ರತಿ ಭಾನುವಾರ ಇದೇ ಬೆಂಚಿನ ಮೇಲೆ ಊಟ ಮಾಡಿ ಬೇರೆ ಬೇರೆ ರೈಲು ಹತ್ತುತ್ತಿದ್ದೆವು. ಇಂದು ಐದು ವರ್ಷ, ಒಂದೇ ರೈಲು.’

ಓದುವುದಕ್ಕೆ ಚೆಂದವಿದೆ. ‘ಯಾವಾಗ?’ ಎಂದು ಕೇಳುತ್ತಾ ಹೋದರೆ ಇದರಲ್ಲಿ ನಾಲ್ಕು ಸುಳ್ಳಿವೆ. ನಿಲ್ದಾಣ ನಮ್ಮ ಮನೆಯಾಗಿರಲಿಲ್ಲ, ಅದು ಬರೀ ರೂಪಕ. ಪ್ರತಿ ಭಾನುವಾರ ಅಲ್ಲಿಗೆ ಹೋಗಿರಲಿಲ್ಲ. ಇಬ್ಬರೂ ಕೂತು ನೆನಪು ಮಾಡಿಕೊಂಡಾಗ ಹನ್ನೊಂದೋ ಹನ್ನೆರಡೋ ಸಲ ಎಂದಾಯಿತು. ಬೆಂಚು ಅದಲ್ಲ, ಆಗ ನಾವು ಕೂರುತ್ತಿದ್ದದ್ದು ಚಹಾ ಅಂಗಡಿಯ ಹತ್ತಿರ. ‘ಇಂದು’ ಎಂಬುದೂ ಸರಿಯಲ್ಲ, ಚಿತ್ರ ತೆಗೆದದ್ದು ಮೇ ತಿಂಗಳಲ್ಲಿ. ವಾರ್ಷಿಕೋತ್ಸವದ ದಿನ ಹಳೆಯ ಚಿತ್ರ ಹಾಕುವವರೆಲ್ಲ ಈ ಕೊನೆಯದರಲ್ಲಿ ಗೊತ್ತಿಲ್ಲದೆ ಜಾರುತ್ತಾರೆ, ತಿಂಗಳನ್ನು ಬರೆದುಬಿಟ್ಟರೆ ಸರಿಹೋಗುತ್ತದೆ. ಕಂಡದ್ದನ್ನು ಹೇಳುವ ಬಗೆಗೆ ಇರುವ ದೊಡ್ಡ ಅಪಾಯವೂ ಇದೇ. ಅದು ನಿಜದ ಹಾಗೆ ಕಾಣುವುದರಿಂದ, ವಾಕ್ಯದ ಲಯಕ್ಕಾಗಿ ಒಂದಿಷ್ಟು ತಿದ್ದಿದರೂ ಯಾರಿಗೂ ಅನುಮಾನ ಬರುವುದಿಲ್ಲ. ಅನುಮಾನ ಬರುವುದು ಪಕ್ಕದಲ್ಲಿ ಕೂತವರಿಗೆ ಮಾತ್ರ. ಅದಕ್ಕಾಗಿಯೇ ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಫೋನನ್ನು ಕೈಗೆ ಕೊಟ್ಟರೆ ‘ಹ್ಞೂಂ, ಚೆನ್ನಾಗಿದೆ’ ಎಂದು ವಾಪಸು ಕೊಡುತ್ತಾರೆ.

ಉದ್ದದ ಬಗ್ಗೆ ಒಂದು ಪ್ರಾಯೋಗಿಕ ಮಾತು. ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ಗೆ 2200 ಅಕ್ಷರಗಳವರೆಗೆ ಅವಕಾಶವಿದ್ದರೂ, ಸುಮಾರು ಮೊದಲ 125ರ ಬಳಿಕ ಉಳಿದದ್ದು ಮರೆಯಾಗಿ, ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತದೆ. ಕನ್ನಡದಲ್ಲಿ ಈ 125 ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ, ಏಕೆಂದರೆ ಕಂಪ್ಯೂಟರು ಗುಣಿತ, ಒತ್ತು, ವಿರಾಮಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ‘ಇಪ್ಪತ್ತೆರಡು’ ನಮಗೆ ಐದು ಅಕ್ಷರ, ಅದಕ್ಕೆ ಹನ್ನೊಂದು. ಅಂಕಿಯಲ್ಲಿ 22 ಎಂದು ಬರೆದರೆ ಎರಡೇ. ಒಟ್ಟಾರೆ ಮೊದಲ ಹದಿನೈದು ಪದಗಳೊಳಗೆ ಮುಖ್ಯ ಸಂಗತಿ ಬಂದುಬಿಡಬೇಕು. ಶುಭಾಶಯದ ಪದಗಳಿಂದ ಆರಂಭಿಸಿದರೆ ಅಷ್ಟೂ ಜಾಗ ಅದಕ್ಕೇ ಹೋಗುತ್ತದೆ.

ಹಾಕಿದ್ದು ಇದು:

‘ಅರಸೀಕೆರೆ ಜಂಕ್ಷನ್, ಮೇ 2025. ನಾವು 22 ತಿಂಗಳು ಬೇರೆ ಬೇರೆ ಊರಿನಲ್ಲಿದ್ದಾಗ ಹತ್ತಾರು ಭಾನುವಾರ ಇಲ್ಲಿ ಕೂತು ಡಬ್ಬಿ ಊಟ ಮಾಡಿ, ಇಬ್ಬರೂ ಎರಡು ದಿಕ್ಕಿನ ರೈಲು ಹತ್ತಿದ್ದೆವು. ಈ ಸಲ ಇಬ್ಬರೂ ಹಾಸನದ ರೈಲಿಗೇ ಕಾದೆವು. ಮದುವೆಯಾಗಿ ಇಂದಿಗೆ ಐದು ವರ್ಷ.’

‘ಹತ್ತಾರು’ ಎಂಬುದರ ಬಗ್ಗೆ ಇವರಿಗೆ ಸ್ವಲ್ಪ ತಕರಾರಿತ್ತು, ಹನ್ನೊಂದು ಎಂದೇ ಹಾಕು ಎಂದರು. ನನಗೆ ಹನ್ನೆರಡು ಎಂದು ನೆನಪು. ಇಬ್ಬರ ನೆನಪೂ ನಿಲ್ಲುವಂತೆ ಆ ಪದವನ್ನೇ ಉಳಿಸಿದೆವು. ‘ಪ್ರೀತಿ’ ಎಂಬ ಮಾತು ಒಂದು ಸಲವೂ ಬಂದಿಲ್ಲ, ಬೇಕೆಂದೇ ಬಿಟ್ಟದ್ದಲ್ಲ, ಅದಕ್ಕೆ ಜಾಗ ಬೇಕೆನಿಸಲಿಲ್ಲ. ಸಂಜೆ ಅತ್ತೆ ಫೋನು ಮಾಡಿ ಕೇಳಿದ್ದು ಆ ಡಬ್ಬಿಯಲ್ಲಿ ಏನಿರುತ್ತಿತ್ತು ಎಂದು. ಹೆಚ್ಚಾಗಿ ಚಿತ್ರಾನ್ನ, ಎರಡು ಸಲ ಬರೀ ಮೊಸರನ್ನ ಎಂದೆ. ಅದಕ್ಕೇ ಮಗ ಆಗ ಅಷ್ಟು ಇಳಿದುಹೋಗಿದ್ದ ಎಂದರು.